ಕಿವಿಯ ದಿನದ ಖರ್ಚು: ಮಿಕ್ಸಿ ಎಷ್ಟು, ಹಾರ್ನ್ ಎಷ್ಟು?

ರಮಝಾನ್ ಮುಗಿದು ಎರಡು ವಾರ ಕಳೆದಿತ್ತು. ಬಸ್ ನಿಲ್ದಾಣದ ಎದುರು ಜ್ಯೂಸ್ ಅಂಗಡಿ ಇಟ್ಟಿರುವ ಯುವಕರೊಬ್ಬರು ಪತ್ನಿಯ ಜೊತೆ ನನ್ನ ದವಾಖಾನೆಗೆ ಬಂದರು. ವಯಸ್ಸು ಮೂವತ್ತನಾಲ್ಕು. "ಹಕೀಮ್ ಸಾಬ್, ರಾತ್ರಿ ಮಲಗಿದರೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತದೆ. ಯಾವುದಾದ್ರೂ ರೋಗನ್ ಕೊಡಿ, ಎರಡು ಹನಿ ಬಿಟ್ಕೊಳ್ತೀನಿ" ಅಂದರು. ಪತ್ನಿ ಅವರ ಮಾತನ್ನು ತಿದ್ದಿದರು: "ಜೀರುಂಡೆ ಒಂದೇ ಅಲ್ಲ ಸಾಬ್. ನಾನು ಹಿಂದಿನಿಂದ ಏನಾದರೂ ಹೇಳಿದರೆ 'ಆಂ?' ಅಂತಾರೆ. ಟಿವಿ ಸೌಂಡ್ ಜಾಸ್ತಿ ಇಡ್ತಾರೆ. ಮಗು ಅಳುವುದು ಕೇಳ್ತದೆ, ಏನು ಹೇಳ್ತಿದೆ ಅಂತ ಗೊತ್ತಾಗಲ್ಲ."

ಅವರಿಗೆ ನಾನು ಎಣ್ಣೆ ಕೊಡಲಿಲ್ಲ. ಯೂನಾನಿ ವೈದ್ಯನೇ ಎಣ್ಣೆ ಇಲ್ಲ ಅಂದದ್ದಕ್ಕೆ ಅವರಿಗೆ ಬೇಸರವಾಯಿತು. ಯಾಕೆ ಕೊಡಲಿಲ್ಲ ಎಂಬುದನ್ನು ನಿಮಗೂ ಹೇಳಬೇಕು. ಅವರಿಗೆ ಆದದ್ದು ನಮ್ಮ ಎಷ್ಟೋ ಮನೆಗಳ ಗಂಡಸರಿಗೆ, ಹುಡುಗರಿಗೆ ಸದ್ದಿಲ್ಲದೆ ಆಗುತ್ತಿದೆ. ಜ್ಯೂಸ್ ಅಂಗಡಿ, ಗ್ಯಾರೇಜ್, ವೆಲ್ಡಿಂಗ್ ಶಾಪ್, ಬಡಗಿ ಕೆಲಸ, ಆಟೋ, ಲಾರಿ, ಬಿರಿಯಾನಿ ಅಡುಗೆ ಕಂಟ್ರಾಕ್ಟು, ಇವೆಲ್ಲ ನಮ್ಮವರು ಹೆಚ್ಚಾಗಿ ಇರುವ ಕಸುಬುಗಳೇ ತಾನೆ?

ಕಿವಿಯೊಳಗೆ ಸದ್ದು ಕೇಳುವುದನ್ನು ನಮ್ಮ ತಿಬ್ಬಿನಲ್ಲಿ ತನೀನ್ ಮತ್ತು ದವೀ ಎಂದು ಕರೆಯುತ್ತಾರೆ. ಕಹಿ ಬಾದಾಮಿಯ ಎಣ್ಣೆಯನ್ನು ಬೆಚ್ಚಗೆ ಮಾಡಿ ಬಿಡುವ ಕ್ರಮ ಹಳೆಯದು. ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದ್ದರೆ ಎಣ್ಣೆಯಿಂದ ಅದು ಮೆತ್ತಗಾಗಿ ಸಮಾಧಾನ ಸಿಗುವುದೂ ನಿಜ. ಆದರೆ ಎಣ್ಣೆ ಇಳಿಯುವುದು ಕಿವಿಯ ತಮಟೆಯವರೆಗೆ ಮಾತ್ರ. ದೊಡ್ಡ ಸದ್ದಿನಿಂದ ಕೆಡುವ ಜಾಗ ತಮಟೆಯ ಆಚೆ, ಎಲುಬಿನೊಳಗೆ, ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಒಂದು ಪುಟ್ಟ ನಾಳದಲ್ಲಿ ಇದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದಿನ ಅಲೆಗೆ ಅವು ಬಾಗಿ ಏಳುತ್ತವೆ, ಗದ್ದೆಯ ಪೈರು ಗಾಳಿಗೆ ಬಾಗಿ ಎದ್ದ ಹಾಗೆ. ಗಾಳಿ ಜೋರಾಗಿ ಬಹಳ ಹೊತ್ತು ಬೀಸಿದರೆ ಪೈರು ಮಲಗಿಬಿಡುತ್ತದೆ. ಸ್ವಲ್ಪ ಬಾಗಿದ ಕೋಶ ಒಂದೆರಡು ದಿನದ ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳುತ್ತದೆ. ಸತ್ತ ಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಯೂನಾನಿಯಲ್ಲೂ ಔಷಧವಿಲ್ಲ, ಅಲೋಪತಿಯಲ್ಲೂ ಇಲ್ಲ. ಇನ್ನೊಂದು ಅಪಾಯವನ್ನೂ ಹೇಳಿಬಿಡುತ್ತೇನೆ: ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗೆ ಇಳಿದು ಸೋಂಕು ಮಾಡುತ್ತದೆ. ನೋಡದೆ ಯಾರ ಕಿವಿಗೂ ಎಣ್ಣೆ ಬಿಡಬೇಡಿ, ಅಜ್ಜಿ ಹೇಳಿದರೂ ಸರಿ.

ಹಾಗಾಗಿ ಮೊದಲು ಅವರ ಕಿವಿಯೊಳಗೆ ನೋಡಿದೆ. ಗುಗ್ಗೆ ಇರಲಿಲ್ಲ, ತಮಟೆ ಚೆನ್ನಾಗಿತ್ತು. ಗುಗ್ಗೆ ಕಟ್ಟಿಕೊಂಡರೆ ಸಾಮಾನ್ಯವಾಗಿ ಒಂದೇ ಕಿವಿ, ಅದೂ ತಲೆಗೆ ಸ್ನಾನ ಮಾಡಿದ ಮೇಲೆ, ಹತ್ತಿ ತುರುಕಿದ ಹಾಗೆ ಒಮ್ಮೆಲೇ ಮಂದವಾಗುತ್ತದೆ. ಎಲ್ಲಾ ಸದ್ದೂ ಒಂದೇ ರೀತಿ ಕಡಿಮೆ ಕೇಳುತ್ತದೆ. ಸದ್ದಿನ ಪೆಟ್ಟು ಹಾಗಲ್ಲ. ಅದು ತಿಂಗಳುಗಳಲ್ಲಿ ಬರುತ್ತದೆ, ಹೆಚ್ಚುಕಡಿಮೆ ಎರಡೂ ಕಿವಿಗೆ ಬರುತ್ತದೆ, ಕೀರಲು ಸದ್ದಿನ ಮೊರೆತ ಜೊತೆಗಿರುತ್ತದೆ. 'ಮಾತು ಕೇಳ್ತದೆ, ಅರ್ಥ ಆಗಲ್ಲ' ಎನ್ನುವುದು ಅದರ ಗುರುತು. ಅದಕ್ಕೆ ಕಾರಣ ಇದೆ. ದೊಡ್ಡ ಸದ್ದು ಮೊದಲು ಕೆಡಿಸುವುದು ಸೆಕೆಂಡಿಗೆ ಸುಮಾರು 4000 ಕಂಪನಗಳ ಕೀರಲು ಸ್ವರಗಳನ್ನು ಹಿಡಿಯುವ ಕೋಶಗಳನ್ನು. ಅ, ಆ, ಓ ಮುಂತಾದ ಸ್ವರಗಳು ಕೆಳಗಿನ ದಪ್ಪ ಸದ್ದಿನಲ್ಲಿವೆ. ಸ, ಶ, ತ, ಕ ಇಂಥ ವ್ಯಂಜನಗಳ ಚೂಪು ಮೇಲಿದೆ. ಸ್ವರ ಕೇಳಿ ವ್ಯಂಜನ ತಪ್ಪಿದರೆ 'ಸಾಕು' ಮತ್ತು 'ಹಾಕು' ಒಂದೇ ಆಗುತ್ತವೆ. ಜ್ಯೂಸ್ ಅಂಗಡಿಯಲ್ಲಿ ಸಕ್ಕರೆಯ ವಿಷಯದಲ್ಲಿ ಈ ಎರಡು ಮಾತು ಅದಲುಬದಲಾದರೆ ಏನಾಗುತ್ತದೆ ಎಂದು ಅವರೇ ನಗುತ್ತ ಹೇಳಿದರು.

ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ ಶ್ರವಣ ಪರೀಕ್ಷೆ ಮಾಡಿಸಿದೆ. ಆ ಕಾಗದದಲ್ಲಿ ಗೆರೆ ಮೇಲೆ ಇದ್ದಷ್ಟೂ ಒಳ್ಳೆಯದು. 20 ಡೆಸಿಬಲ್‌ನೊಳಗೆ ಇದ್ದರೆ ತೊಂದರೆ ಇಲ್ಲ. ಇವರ ಗೆರೆ ಎಲ್ಲಾ ಕಡೆ ಸರಿಯಾಗಿಯೇ ಇದ್ದು 4000ರ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಎಡಗಿವಿಯಲ್ಲಿ 45ಕ್ಕೆ, ಬಲಗಿವಿಯಲ್ಲಿ 30ಕ್ಕೆ. ಮಿಕ್ಸಿ ಎಡಗಡೆಯಲ್ಲಿ ಇದೆಯೇ ಎಂದು ಕೇಳಿದೆ. ಹೌದು ಎಂದರು.

ಈಗ ಡೆಸಿಬಲ್‌ಗೆ ಬರೋಣ. ಪತ್ರಿಕೆಗಳಲ್ಲಿ ಒಂದು ಪಟ್ಟಿ ನೋಡಿರುತ್ತೀರಿ: ಪಿಸುಮಾತು 30, ಎದುರುಬದುರು ಕುಳಿತು ಮಾತಾಡುವುದು 60, ವಾಹನ ತುಂಬಿದ ರಸ್ತೆಯ ಬದಿ 75ರಿಂದ 80, ಮಿಕ್ಸಿ 85ರಿಂದ 95, ಹತ್ತಿರದ ಹಾರ್ನ್ 100ರ ಮೇಲೆ. ಪಟ್ಟಿ ಸುಳ್ಳಲ್ಲ. ಆದರೆ ಅದನ್ನು ಓದಿದವರು ಎರಡು ತಪ್ಪು ಮಾಡುತ್ತಾರೆ. 90 ಎಂದರೆ 60ರ ಒಂದೂವರೆ ಪಟ್ಟು ಎಂದುಕೊಳ್ಳುತ್ತಾರೆ. ಹಾಗಲ್ಲ. ಡೆಸಿಬಲ್ ಲೆಕ್ಕ ಕೂಡುವುದರದ್ದಲ್ಲ, ಗುಣಿಸುವುದರದ್ದು. ಪ್ರತಿ 10 ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಪ್ರತಿ 3 ಹೆಚ್ಚಾದರೆ ಎರಡು ಪಟ್ಟು. 90ರ ಒಂದು ಮಿಕ್ಸಿ ಪಕ್ಕ 90ರ ಇನ್ನೊಂದು ಮಿಕ್ಸಿ ಹಾಕಿದರೆ 180 ಆಗುವುದಿಲ್ಲ, 93 ಆಗುತ್ತದೆ. ಮೋಸ ಇರುವುದು ಇಲ್ಲಿಯೇ. 90ಕ್ಕೂ 93ಕ್ಕೂ ಇರುವ ವ್ಯತ್ಯಾಸ ನಮ್ಮ ಕಿವಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ, ಆದರೆ ಒಳಗಿನ ಕೋಶಗಳ ಮೇಲೆ ಬೀಳುವ ಭಾರ ಇಮ್ಮಡಿಯಾಗಿರುತ್ತದೆ. ಸದ್ದಿಗೆ 'ಅಭ್ಯಾಸ ಆಗಿಬಿಟ್ಟಿದೆ' ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅಭ್ಯಾಸವಾದದ್ದು ಮನಸ್ಸಿಗೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಎಷ್ಟು ಜೋರು ಎಂದು ಮಾತ್ರ ನೋಡುತ್ತಾರೆ, ಎಷ್ಟು ಹೊತ್ತು ಎಂದು ನೋಡುವುದಿಲ್ಲ. ಕಿವಿ ಕೆಡುವುದು ಎರಡನ್ನೂ ಗುಣಿಸಿದ ಮೊತ್ತದಿಂದ. ಕೆಲಸಗಾರರ ಕಿವಿಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಿಯೋಶ್ ಹಾಕಿಕೊಟ್ಟ, ಜಗತ್ತಿನಲ್ಲಿ ಹೆಚ್ಚಿನವರು ಒಪ್ಪುವ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ 3 ಏರಿದ ಹಾಗೆಲ್ಲ ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಇದನ್ನು ಕಿವಿಗೆ ದಿನಕ್ಕೆ ಸಿಗುವ ಒಂದು ರೂಪಾಯಿ ಖರ್ಚಿನ ಹಣ ಎಂದು ಇಟ್ಟುಕೊಳ್ಳಿ. 94ರ ಸದ್ದಿನಲ್ಲಿ ಅರ್ಧ ಗಂಟೆ ನಿಂತರೆ ಐವತ್ತು ಪೈಸೆ ಹೋಯಿತು. ಉಳಿದ ಐವತ್ತು ಪೈಸೆ ದಿನದ ಬೇರೆ ಸದ್ದುಗಳಿಗೆ.

ಈ ಒಂದು ರೂಪಾಯಿಯೂ ಪೂರ್ತಿ ಸುರಕ್ಷಿತವಲ್ಲ ಎಂಬುದು ನೆನಪಿರಲಿ. 85ರ ಸದ್ದಿನಲ್ಲಿ ನಲವತ್ತು ವರ್ಷ ದುಡಿದ ನೂರು ಜನರಲ್ಲಿ ಸುಮಾರು ಎಂಟು ಜನರ ಶ್ರವಣ ಸದ್ದಿನ ಕಾರಣದಿಂದಲೇ ಕುಂದುತ್ತದೆ ಎಂದು ಅದೇ ಸಂಸ್ಥೆಯ ಅಂದಾಜು. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ. ಇಯರ್‌ಫೋನ್ ಕೇಳುವ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 75 ಡೆಸಿಬಲ್, ಅದೂ ವಾರಕ್ಕೆ ನಲವತ್ತು ಗಂಟೆ ಮಾತ್ರ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಎಂಟು ಗಂಟೆಗೆ 90 ಡೆಸಿಬಲ್‌ವರೆಗೆ ಬಿಟ್ಟಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಬಹಳ ಸಡಿಲ. ಮೇಲಿನ ಲೆಕ್ಕದಲ್ಲಿ ಅದು ದಿನಕ್ಕೆ ಮೂರು ರೂಪಾಯಿಗಿಂತ ಹೆಚ್ಚಾಯಿತು. ಅದೂ ಕಾರ್ಖಾನೆಗಳಿಗೆ. ಬಸ್ ನಿಲ್ದಾಣದ ಜ್ಯೂಸ್ ಅಂಗಡಿಗೆ ಯಾವ ಇನ್ಸ್‌ಪೆಕ್ಟರ್ ಮೀಟರ್ ಹಿಡಿದು ಬರುತ್ತಾರೆ?

ನಾವೇ ಹೋದೆವು. ಶ್ರವಣ ತಜ್ಞರೊಬ್ಬರಿಂದ ಒಂದು ಸಣ್ಣ ಮೀಟರ್ ಎರವಲು ತಂದು ಒಂದು ಸಂಜೆ ಅಸರ್ ನಮಾಝ್ ಮುಗಿಸಿ ಅಂಗಡಿಯಲ್ಲಿ ಕುಳಿತೆ. ಫೋನಿನ ಆಪ್‌ಗಳೂ ಇವೆ. ಮಿಕ್ಸಿಯ ಮಟ್ಟಿಗೆ ಅಂದಾಜು ಹೇಳುತ್ತವೆ. ಆದರೆ ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ಹಾರ್ನಿನಂಥ ಜೋರು ಸದ್ದು ಬಂದಾಗ ಸೋತು ಕಡಿಮೆ ತೋರಿಸುತ್ತದೆ. ಅವರು ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು ಬಗ್ಗಿ ನಿಲ್ಲುವ ಜಾಗದಲ್ಲಿ, ಕಿವಿಯ ಮಟ್ಟದಲ್ಲಿ, ಮೀಟರ್ 94 ತೋರಿಸಿತು. ಐಸ್ ಹಾಕಿದಾಗ ಇನ್ನೂ ಮೇಲೆ ಹೋಗಿ ಬರುತ್ತಿತ್ತು, ಅದನ್ನು ಬಿಟ್ಟುಬಿಟ್ಟೆ. ಒಂದು ಲೋಟಕ್ಕೆ ನಲವತ್ತೈದು ಸೆಕೆಂಡ್. ಬೇಸಿಗೆಯಲ್ಲಿ ಬಂದ ರಮಝಾನ್ ಆದ್ದರಿಂದ ಇಫ್ತಾರ್ ಹೊತ್ತಿನಿಂದ ಹಿಡಿದು ತರಾವೀಹ್ ಮುಗಿಸಿ ಬರುವವರವರೆಗೆ ದಿನಕ್ಕೆ ನೂರ ಅರವತ್ತು ಲೋಟ ಹೋಗುತ್ತಿತ್ತಂತೆ. ಗುಣಿಸಿ ನೋಡಿ: ನೂರ ಇಪ್ಪತ್ತು ನಿಮಿಷ, ಅಂದರೆ ಎರಡು ಗಂಟೆ. 94ಕ್ಕೆ ಒಂದು ಗಂಟೆಯೇ ಪೂರ್ತಿ ರೂಪಾಯಿ. ಬರೀ ಮಿಕ್ಸಿಯಲ್ಲೇ ದಿನಕ್ಕೆ ಎರಡು ರೂಪಾಯಿ ಖರ್ಚು. ತಿಂಗಳಿಡೀ ದಿನವೂ.

ಇದೇ ಲೆಕ್ಕವನ್ನು ಅವರ ಮನೆಗೆ ಹಾಕೋಣ. ಪತ್ನಿಗೂ ಗಾಬರಿಯಾಗಿತ್ತು, 'ನಾನೂ ದಿನಾ ಮಿಕ್ಸಿ ಹಾಕ್ತೀನಲ್ಲ' ಎಂದು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಮಸಾಲೆ, ಎಲ್ಲಾ ಸೇರಿ ಆರು ನಿಮಿಷ. ಸದ್ದು 91 ಎಂದಿಟ್ಟುಕೊಳ್ಳಿ. 91ಕ್ಕೆ ಎರಡು ಗಂಟೆ ಮಿತಿ. ಆರು ನಿಮಿಷ ಎಂದರೆ ಐದು ಪೈಸೆ. ಮನೆಯ ಮಿಕ್ಸಿಯಿಂದ ಗೃಹಿಣಿಯ ಕಿವಿ ಕೆಡುತ್ತದೆ ಎಂದು ಹೆದರಿಸುವವರನ್ನು ನೀವು ನಂಬಬೇಕಿಲ್ಲ. ಅಡುಗೆಮನೆಯ ಮಿಕ್ಸಿಗೂ ಅಂಗಡಿಯ ಮಿಕ್ಸಿಗೂ ಸದ್ದಿನಲ್ಲಿ ದೊಡ್ಡ ಭೇದ ಇಲ್ಲ, ಹೊತ್ತಿನಲ್ಲಿದೆ. ಮದುವೆ ಅಡುಗೆಗೆ, ಟಿಫಿನ್ ಆರ್ಡರಿಗೆ ದಿನಕ್ಕೆ ಗಂಟೆಗಟ್ಟಲೆ ರುಬ್ಬುವ ಅಕ್ಕಂದಿರು ಮಾತ್ರ ತಮ್ಮನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮನೆಯ ಮಿಕ್ಸಿಗೆ ಎರಡು ಮಾತು ಸಾಕು. ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ಮಿಕ್ಸಿ ಹಾಕಬೇಡಿ. ಅದರ ಕಿವಿ ಜಾರಿಗೆ ನಿಮ್ಮ ಕಿವಿಗಿಂತ ಹತ್ತಿರ ಇರುತ್ತದೆ. ಮತ್ತು ಸಹರಿಯ ಹೊತ್ತಿನ ಮಿಕ್ಸಿ. ಅದು ಯಾರ ಕಿವಿಯನ್ನೂ ಕೆಡಿಸುವುದಿಲ್ಲ, ಗೋಡೆಯಾಚೆಯ ನೆರೆಯವರ ನಿದ್ದೆ ಕೆಡಿಸುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎಂದು ಇಟ್ಟಿರುವುದು ಇದೇ ಕಾರಣಕ್ಕೆ. ಕಿವಿಯ ಪೆಟ್ಟಿನ ಮಿತಿ ಬೇರೆ, ನೆಮ್ಮದಿಯ ಮಿತಿ ಬೇರೆ. ನಿದ್ದೆ ಮತ್ತು ಎಚ್ಚರವನ್ನು ನಮ್ಮ ಹಕೀಮರು ಆರೋಗ್ಯದ ಆರು ಅನಿವಾರ್ಯ ಕಾರಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ನೆರೆಯವರ ಹಕ್ಕಿನ ಬಗ್ಗೆ ನಾನು ನಿಮಗೆ ಹೇಳಬೇಕಾದ್ದಿಲ್ಲ. ಮಸಾಲೆಯನ್ನು ಇಶಾಗೆ ಮೊದಲೇ ರುಬ್ಬಿ ಫ್ರಿಜ್‌ನಲ್ಲಿ ಇಟ್ಟರೆ ಆಯಿತು.

ಮತ್ತೆ ಅಂಗಡಿಗೆ ಬರೋಣ. ನಾನು ಹೋದದ್ದು ಮಿಕ್ಸಿ ಅಳೆಯಲು. ಆದರೆ ಕುಳಿತ ಹತ್ತು ನಿಮಿಷದಲ್ಲೇ ನನ್ನ ಗಮನ ಬೇರೆ ಕಡೆ ಹೋಯಿತು. ನಿಲ್ದಾಣದಿಂದ ಹೊರಬರುವ ಬಸ್ಸುಗಳು ಅಂಗಡಿಯ ಎದುರೇ ತಿರುಗುತ್ತವೆ. ತಿರುಗುವಾಗ ಆಟೋಗಳನ್ನು ಸರಿಸಲು ಹಾರ್ನ್ ಒತ್ತುತ್ತಾರೆ. ಕೌಂಟರಿನ ಹಿಂದೆ ಮೀಟರ್ 106 ತೋರಿಸಿತು. ಮಿಕ್ಸಿಗಿಂತ 12 ಹೆಚ್ಚು, ಅಂದರೆ ಹದಿನಾರು ಪಟ್ಟು ಶಕ್ತಿ. ಅವರ ತಮ್ಮನ ಬೆರಳಲ್ಲಿ ಗುಂಡಿ ಒತ್ತಿ ಎಣಿಸುವ ತಸ್ಬೀಹ್ ಕೌಂಟರ್ ಇತ್ತು. ಅದನ್ನು ಸೊನ್ನೆಗೆ ತಂದು ಹಾರ್ನ್ ಎಣಿಸಲು ಹೇಳಿದೆ. ದೂರದವು ಬೇಡ, ಎದುರು ತಿರುಗುವಾಗ ಒತ್ತಿದವು ಮಾತ್ರ. ಅಂಗಡಿ ಮುಚ್ಚುವ ಹೊತ್ತಿಗೆ ಐವತ್ತು. ಒಂದೊಂದೂ ಸರಾಸರಿ ಎರಡು ಸೆಕೆಂಡ್ ಎಂದರೆ ನೂರು ಸೆಕೆಂಡ್. ಬಹಳ ಕಡಿಮೆ ಅನಿಸುತ್ತದೆ, ಅಲ್ಲವೇ? ಆದರೆ 106 ಡೆಸಿಬಲ್‌ಗೆ ಇಡೀ ದಿನಕ್ಕೆ ಸಿಗುವ ಸಮಯವೇ ಮೂರು ಮುಕ್ಕಾಲು ನಿಮಿಷ, ಇನ್ನೂರ ಇಪ್ಪತ್ತೈದು ಸೆಕೆಂಡ್. ನೂರು ಸೆಕೆಂಡಿಗೆ ನಲವತ್ನಾಲ್ಕು ಪೈಸೆ ಹೋಯಿತು. ಹೆಚ್ಚುಕಡಿಮೆ ಅರ್ಧ ರೂಪಾಯಿ, ಅವರು ಏನೂ ಮಾಡದೆ, ಬರೀ ನಿಂತದ್ದಕ್ಕೆ.

ಬಸ್ಸಿನವರು ತಂದದ್ದು ಕಳ್ಳ ಹಾರ್ನ್ ಎಂದೂ ಹೇಳಲಾಗದು. ವಾಹನಗಳ ಹಾರ್ನಿಗೆ ಇರುವ ಮಾನದಂಡದಲ್ಲೇ ಏಳು ಮೀಟರ್ ದೂರದಲ್ಲಿ 93ರಿಂದ 112 ಡೆಸಿಬಲ್‌ವರೆಗೆ ಅವಕಾಶವಿದೆ. ಹೆದ್ದಾರಿಯಲ್ಲಿ ದೂರದವರಿಗೆ ಕೇಳಿಸಬೇಕಲ್ಲ. ಆದರೆ ಬಯಲಿನಲ್ಲಿ ದೂರ ಅರ್ಧವಾದರೆ ಸದ್ದು 6 ಡೆಸಿಬಲ್ ಏರುತ್ತದೆ. ಏಳು ಮೀಟರಿನಲ್ಲಿ 106 ಇದ್ದದ್ದು ಮೂರೂವರೆ ಮೀಟರಿನಲ್ಲಿ 112. ಸಿಗ್ನಲ್ಲಿನಲ್ಲಿ ಬಸ್ಸಿನ ಮೂತಿಯ ಮುಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಂತ ಬೈಕ್ ಸವಾರನಿಗೂ ಬಸ್ಸಿಗೂ ನಡುವೆ ಎಷ್ಟು ಮೀಟರ್ ಇರುತ್ತದೆ? 112ಕ್ಕೆ ದಿನದ ಪಾಲು ಒಂದು ನಿಮಿಷವೂ ಇಲ್ಲ. ಹಿಂದೆ ಕೂತ ಮಗುವಿನ ಕಿವಿಗೆ ಹೆಲ್ಮೆಟ್ಟೂ ಇರುವುದಿಲ್ಲ.

ಕಿವಿಯಲ್ಲಿ ಅಲ್ಲಾಹನು ಒಂದು ಚಿಕ್ಕ ಕಾವಲು ಇಟ್ಟಿದ್ದಾನೆ. ದೊಡ್ಡ ಸದ್ದು ಬಂದರೆ ತಮಟೆಯ ಹಿಂದಿನ ಪುಟ್ಟ ಸ್ನಾಯು ಬಿಗಿದುಕೊಂಡು ಒಳಗೆ ಹೋಗುವ ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಅದು ಬಿಗಿಯಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಬೇಕು, ಅದು ತಗ್ಗಿಸುವುದು ಹೆಚ್ಚಾಗಿ ದಪ್ಪ ಸದ್ದುಗಳನ್ನು. ಪಟಾಕಿಯ ಏಟಿಗೆ ಅದು ತಡವಾಗಿ ಏಳುತ್ತದೆ, ಹಾರ್ನಿನ ಕೀರಲಿಗೆ ಅದರಿಂದ ದೊಡ್ಡ ಪ್ರಯೋಜನವಿಲ್ಲ.

ನನ್ನ ದೂರು ಹೀಗಿದೆ. ಮಿಕ್ಸಿ ನಮ್ಮ ಕೈಯಲ್ಲಿದೆ. ಹಾರ್ನ್ ಬೇರೆಯವರ ಕೈಯಲ್ಲಿದೆ. ಹಾರ್ನ್ ಒತ್ತಿದವರು ಎರಡು ಸೆಕೆಂಡ್ ಉಳಿಸುತ್ತಾರೆ, ಬೆಲೆ ಕೊಡುವವರು ರಸ್ತೆಬದಿಯಲ್ಲಿ ನಿಂತವರು. ನಮ್ಮವರಲ್ಲೇ ಎಷ್ಟೋ ಜನ ಡ್ರೈವರುಗಳಿದ್ದಾರೆ, ಆಟೋದವರಿದ್ದಾರೆ, ಬೈಕಿಗೆ ದಪ್ಪ ಹಾರ್ನ್ ಹಾಕಿಸಿಕೊಂಡ ಹುಡುಗರಿದ್ದಾರೆ. ಸೂರಃ ಲುಕ್ಮಾನ್‌ನಲ್ಲಿ ತಂದೆ ಮಗನಿಗೆ ಧ್ವನಿ ತಗ್ಗಿಸಲು ಹೇಳಿದ ಉಪದೇಶವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ, ಆಮೇಲೆ ಅದೇ ಮಗನಿಗೆ ಆ ಹಾರ್ನ್ ಕೊಡಿಸುತ್ತೇವೆ. ವಲೀಮಾಗೆ ಡಿಜೆ ತರಿಸುವವರಿಗೂ ಇದೇ ಮಾತು. ಮುಚ್ಚಿದ ಹಾಲ್‌ನಲ್ಲಿ ಸ್ಪೀಕರ್ ಎದುರಿನ ಮೇಜುಗಳಲ್ಲಿ 100 ಡೆಸಿಬಲ್ ಆದರೆ ಕಾಲು ಗಂಟೆಗೇ ಅತಿಥಿಯ ಆ ದಿನದ ರೂಪಾಯಿ ಮುಗಿಯಿತು, ಬಿರಿಯಾನಿ ಬರುವ ಮುಂಚೆಯೇ. ಪಕ್ಕದವರ ಜೊತೆ ಮಾತಾಡಲು ಕೂಗಬೇಕಾಗಿ ಬಂದರೆ ಮೀಟರ್ ಬೇಕಿಲ್ಲ. ಒಂದು ತೋಳಿನ ದೂರದಲ್ಲಿ ನಿಂತವರಿಗೆ ನಿಮ್ಮ ಸಹಜ ಧ್ವನಿ ಕೇಳಿಸದೆ ಏರಿಸಬೇಕಾಯಿತೆಂದರೆ ಅಲ್ಲಿನ ಸದ್ದು ಸುಮಾರು 85 ದಾಟಿದೆ ಎಂದು ತಿಳಿಯಿರಿ.

ಜ್ಯೂಸ್ ಅಂಗಡಿಯಲ್ಲಿ ನಾವು ಮಾಡಿದ್ದು ಇಷ್ಟು. ಮಿಕ್ಸಿಯನ್ನು ತಗಡಿನ ಕೌಂಟರಿನಿಂದ ತೆಗೆದು, ಅಡಿಗೆ ದಪ್ಪ ರಬ್ಬರ್ ಹಾಳೆ ಹಾಕಿ, ಹಿಂದಿನ ಮೂಲೆಯ ಮರದ ಹಲಗೆಯ ಮೇಲೆ ಇಟ್ಟೆವು. ತಗಡು ತಾನೂ ನಡುಗಿ ಸದ್ದು ಮಾಡುತ್ತಿತ್ತು. ಮುಚ್ಚಳ ಒತ್ತಿ ಬಗ್ಗಿ ನಿಲ್ಲುವ ಬದಲು ಕೊಂಡಿ ಇರುವ ಜಾರ್ ತಂದು, ಗುಂಡಿ ತಿರುಗಿಸಿ ಹಿಂದೆ ಸರಿಯುವ ರೂಢಿ ಮಾಡಿಸಿದೆ. ಅವರು ನಿಲ್ಲುವಲ್ಲಿ 94 ಇದ್ದದ್ದು 91ಕ್ಕೆ ಇಳಿಯಿತು. ಬರೀ ಮೂರೇ ಎಂದು ತಮ್ಮ ನಕ್ಕ. ಆದರೆ ಖರ್ಚು ಅಲ್ಲಿಗೇ ಅರ್ಧವಾಯಿತು. ಹಣ್ಣನ್ನು ಸಣ್ಣಗೆ ಹೆಚ್ಚಿ ಹಾಕಿದ್ದರಿಂದ ನಲವತ್ತೈದು ಸೆಕೆಂಡ್ ಮೂವತ್ತಕ್ಕೆ ಬಂತು. ನೂರ ಅರವತ್ತು ಲೋಟಕ್ಕೆ ಎಂಬತ್ತು ನಿಮಿಷ, 91ರ ಲೆಕ್ಕದಲ್ಲಿ ಅರವತ್ತೇಳು ಪೈಸೆ. ಎರಡು ರೂಪಾಯಿಯಿಂದ ಅರವತ್ತೇಳು ಪೈಸೆಗೆ ಬಂದೆವು. ಆದರೆ ಹಾರ್ನಿನ ನಲವತ್ನಾಲ್ಕು ಹಾಗೆಯೇ ಇದೆ. ಕೂಡಿಸಿದರೆ ಒಂದು ರೂಪಾಯಿ ಹನ್ನೊಂದು ಪೈಸೆ. ಇನ್ನೂ ಮಿತಿಯ ಮೇಲೆಯೇ.

ಆ ಕಾರಣಕ್ಕೆ ಇಯರ್‌ಪ್ಲಗ್. ಹತ್ತಿ ತುರುಕಿಕೊಂಡರೆ ಆಗದೇ ಎಂದು ಕೇಳಿದರು. ಆಗದು, ಹತ್ತಿಯೊಳಗಿಂದ ಸದ್ದು ನುಸುಳಿ ಹೋಗುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಪಂಜಿನ ಪ್ಲಗ್ ಬೇಕು. ಅದನ್ನು ಹಾಕುವುದಕ್ಕೆ ಒಂದು ಕ್ರಮವಿದೆ, ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಕಿವಿಯ ದಾರಿ ನೇರವಾಗುತ್ತದೆ. ಆಗ ಪ್ಲಗ್ ತೂರಿಸಿ, ಅದು ಒಳಗೆ ಅರಳುವ ತನಕ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತಿದ್ದರೆ ನಿಮ್ಮದೇ ಮಾತು ಬಿಂದಿಗೆಯೊಳಗಿಂದ ಬಂದ ಹಾಗೆ ಕೇಳುತ್ತದೆ. ಅರ್ಧ ಹೊರಗೆ ಚಾಚಿದ್ದರೆ ಹಾಕಿಯೂ ಹಾಕದ ಹಾಗೆ. ಪೊಟ್ಟಣದ ಮೇಲೆ 30 ಡೆಸಿಬಲ್ ಕಡಿಮೆ ಮಾಡುತ್ತದೆ ಎಂದು ಬರೆದಿದ್ದರೂ ದಿನಬಳಕೆಯಲ್ಲಿ 15 ಸಿಕ್ಕರೆ ದೊಡ್ಡದು. 15 ಸಿಕ್ಕರೂ ಸಾಕು; ಒಂದು ರೂಪಾಯಿ ಹನ್ನೊಂದು ಪೈಸೆಯ ಖರ್ಚು ನಾಲ್ಕು ಪೈಸೆಗೆ ಇಳಿಯುತ್ತದೆ. ವುಝೂ ಮಾಡುವಾಗ ತೆಗೆದು, ಕೊಳೆಯಾದರೆ ಎಸೆದು ಹೊಸದು ಹಾಕಿಕೊಳ್ಳಿ. ಕಿವಿ ಸೋರುತ್ತಿರುವವರು ಹಾಕಬಾರದು.

ದಿನವಿಡೀ ಪ್ಲಗ್ ಹಾಕಿಕೊಂಡು ವ್ಯಾಪಾರ ಮಾಡಲಾಗದು ಎಂಬುದು ಅವರ ತಕರಾರು, ಅದು ನ್ಯಾಯವೇ. ಗಿರಾಕಿ ಹೇಳುವುದು ಕೇಳಿಸಬೇಕಲ್ಲ. ಕೊನೆಗೆ ಜನಸಂದಣಿ ಜಾಸ್ತಿ ಇರುವ ಮೂರು ಗಂಟೆ ಅವರು ಎರಡೂ ಕಿವಿಗೆ ಪ್ಲಗ್ ಹಾಕಿ ಹಿಂದೆ ನಿಂತು ರುಬ್ಬುವುದು, ತಮ್ಮ ಮುಂದೆ ನಿಂತು ಹಣ ತೆಗೆದುಕೊಳ್ಳುವುದು ಎಂದಾಯಿತು. ಆ ಮೂರು ಗಂಟೆ ಮುಂದೆ ನಿಂತವನ ಕಿವಿಗೆ ಹಾರ್ನ್ ಬೀಳುತ್ತದೆ. ಅದು ನನಗೆ ಸಮಾಧಾನವಾಗಿಲ್ಲ. ರಾತ್ರಿ ಮನೆಗೆ ಹೋದ ಮೇಲೆ ಇಯರ್‌ಫೋನ್ ಹಾಕಬಾರದು ಎಂದು ಇಬ್ಬರಿಗೂ ಹೇಳಿದ್ದೇನೆ. ಪೆಟ್ಟು ತಿಂದ ಕೋಶ ಚೇತರಿಸಿಕೊಳ್ಳುವುದು ಆ ಹೊತ್ತಿನ ಮೌನದಲ್ಲಿ.

ಇನ್ನೊಂದು ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಪಟಾಕಿ ಸಿಡಿದ ಮೇಲೆ, ಅಥವಾ ಯಾವ ಕಾರಣವೂ ಇಲ್ಲದೆ, ಒಂದು ಕಿವಿ ಒಮ್ಮೆಲೇ ಕೇಳದೆ ಹೋದರೆ ಅದು ಗುಗ್ಗೆ ಇರಬಹುದು ಎಂದು ವಾರ ಕಾಯಬಾರದು. ನನ್ನ ಬಳಿಗೂ ಬರಬೇಡಿ, ಅದೇ ದಿನ ಅಥವಾ ಮರುದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಿ. ಕಾರಣವಿಲ್ಲದೆ ಹಠಾತ್ತನೆ ಬಂದ ಕಿವುಡಿಗೆ ಅವರಲ್ಲಿ ಔಷಧವಿದೆ. ಮೊದಲ ಕೆಲವು ದಿನಗಳಲ್ಲಿ ಕೊಟ್ಟರೆ ಫಲ ಹೆಚ್ಚು, ಎರಡು ವಾರ ದಾಟಿದರೆ ಆಸೆ ಕಡಿಮೆ.

ಜ್ಯೂಸ್ ಅಂಗಡಿಯವರು ಆರು ತಿಂಗಳ ಮೇಲೆ ಮತ್ತೆ ಶ್ರವಣ ಪರೀಕ್ಷೆ ಮಾಡಿಸಿ ಕಾಗದ ತಂದು ತೋರಿಸಿದರು. ಎಡಗಿವಿ 45, ಬಲಗಿವಿ 30. ಒಂದಿಷ್ಟೂ ಮೇಲೆ ಬಂದಿಲ್ಲ, ಕೆಳಗೂ ಹೋಗಿಲ್ಲ. ಜೀರುಂಡೆ ಇನ್ನೂ ಇದೆಯಂತೆ, ಮೊದಲಿನಷ್ಟು ಜೋರಿಲ್ಲ, ನಿದ್ದೆ ಬರುತ್ತದೆ. ಪತ್ನಿ ಈಗ ಹಿಂದಿನಿಂದ ಕೂಗುವುದನ್ನು ಬಿಟ್ಟಿದ್ದಾರೆ, ಎದುರು ಬಂದು ಮುಖ ನೋಡಿ ಮಾತಾಡುತ್ತಾರೆ. ತಮ್ಮನನ್ನೂ ಪರೀಕ್ಷೆಗೆ ಕರೆತರಲು ಹೇಳಿದ್ದೆ. ಅವನಿಗೆ ಇಪ್ಪತ್ತೆರಡು. ಇನ್ನೂ ಬಂದಿಲ್ಲ.